ನಲ್, ಖಾಲಿ ಪಠ್ಯ ಮತ್ತು ಸೊನ್ನೆ: ದೈನಂದಿನ ಸಿಂಕ್‌ನಲ್ಲಿ ಕಾಣಿಸಿಕೊಳ್ಳುವ ಹುಸಿ ತಿದ್ದುಪಡಿಗಳು

(ಅಧ್ಯಯನ ಲೇಖನ: ತಾಲ್ಲೂಕು ಪಂಚಾಯತ್‌ಗಳ ಎಂಐಎಸ್ ಸಂಯೋಜಕರು, ಗಣಕ ಶಾಖೆಯ ಸಿಬ್ಬಂದಿ ಹಾಗೂ ಗ್ರಾಮ ಪಂಚಾಯತ್‌ಗಳ ಡೇಟಾ ಎಂಟ್ರಿ ಆಪರೇಟರುಗಳ ಉಪಯೋಗಕ್ಕಾಗಿ)

ಒಂದೇ ಮಾಹಿತಿಯನ್ನು ಎರಡು ಕಡೆ ಇಟ್ಟುಕೊಂಡು, ಪ್ರತಿ ರಾತ್ರಿ ಒಂದರಿಂದ ಇನ್ನೊಂದಕ್ಕೆ ಹೊಂದಿಸುವ ವ್ಯವಸ್ಥೆಗೆ ಸಿಂಕ್ ಎನ್ನುತ್ತಾರೆ. ಎರಡೂ ಕಡೆಯ ಸಾಲುಗಳನ್ನು ಹೋಲಿಸಿ, ವ್ಯತ್ಯಾಸ ಕಂಡಲ್ಲಿ ಮಾತ್ರ ತಿದ್ದುವುದು ಅದರ ಕೆಲಸ. ಮೂಲದಲ್ಲಿ ಯಾರೂ ಏನನ್ನೂ ಬದಲಿಸದಿದ್ದರೂ ಸಿಂಕ್‌ನ ಲಾಗ್ ಪ್ರತಿ ಬೆಳಿಗ್ಗೆ ನೂರಾರು ತಿದ್ದುಪಡಿಗಳನ್ನು ತೋರಿಸಿದರೆ, ಆ ತಿದ್ದುಪಡಿಗಳನ್ನು ಹುಸಿ ತಿದ್ದುಪಡಿಗಳೆಂದು ಕರೆಯಬಹುದು. ಇವುಗಳಿಗೆ ಅನೇಕ ಕಾರಣಗಳುಂಟು. ಅತ್ಯಂತ ಸಾಮಾನ್ಯವಾದುದು, ಪರದೆಯ ಮೇಲೆ ಬರಿದಾಗಿ ಕಾಣುವ ಕೋಶವೊಂದು ಎರಡು ವ್ಯವಸ್ಥೆಗಳಲ್ಲಿ ಎರಡು ಬೇರೆ ವಸ್ತುಗಳಾಗಿರುವುದು.

ಮೂರು ಬಗೆಯ ಬರಿದು

ಕುಡಿಯುವ ನೀರಿನ ಮೂಲಗಳ ಕೋಷ್ಟಕವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅದರಲ್ಲಿ ಗ್ರಾಮದ ಹೆಸರು, ಕೊಳವೆ ಬಾವಿ ಅಥವಾ ಟ್ಯಾಂಕಿನ ಸಂಖ್ಯೆ, ಫ್ಲೋರೈಡ್ ಪ್ರಮಾಣ, ಉಳಿಕೆ ಕ್ಲೋರಿನ್ ಪ್ರಮಾಣ ಮತ್ತು ಕೊನೆಯಲ್ಲಿ ಷರಾ ಎಂಬ ಕಾಲಂಗಳಿವೆ ಎಂದಿಟ್ಟುಕೊಳ್ಳಬಹುದು.

ಉಳಿಕೆ ಕ್ಲೋರಿನ್ ಕಾಲಂನಲ್ಲಿ 0 ಎಂದಿದ್ದರೆ, ನೀರನ್ನು ಪರೀಕ್ಷಿಸಲಾಗಿದೆ, ಆದರೆ ಕ್ಲೋರಿನ್ ಉಳಿದಿಲ್ಲ ಎಂದರ್ಥ. ಇದು ಅಳತೆ. ಅದೇ ಕಾಲಂನಲ್ಲಿ ನಲ್ ಇದ್ದರೆ, ಪರೀಕ್ಷೆಯೇ ನಡೆದಿಲ್ಲ ಅಥವಾ ಫಲಿತಾಂಶ ಬಂದಿಲ್ಲ ಎಂದರ್ಥ. ನಲ್ ಎಂಬುದು ಬೆಲೆಯಲ್ಲ, ಬೆಲೆ ಇಲ್ಲವೆಂಬ ಗುರುತು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಉಳಿಕೆ ಕ್ಲೋರಿನ್ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು. ಆದ್ದರಿಂದ 0 ಎಂಬುದು ನೀರಗಂಟಿಯನ್ನು ಅಂದೇ ಟ್ಯಾಂಕಿನ ಬಳಿಗೆ ಕಳುಹಿಸಬೇಕಾದ ಸುದ್ದಿ. ನಲ್ ಎಂಬುದು ಪರೀಕ್ಷಾ ಕಿಟ್ ಹಿಡಿದು ಯಾರನ್ನಾದರೂ ಕಳುಹಿಸಬೇಕಾದ ಸುದ್ದಿ.

ಷರಾ ಕಾಲಂ ಪಠ್ಯದ ಕಾಲಂ. ಅಲ್ಲಿ ಮೂರನೆಯ ಬಗೆಯೊಂದು ಎದುರಾಗುತ್ತದೆ. ಅದೇ ಖಾಲಿ ಪಠ್ಯ, ಅಂದರೆ ಒಂದು ಅಕ್ಷರವೂ ಇಲ್ಲದ ಪಠ್ಯ. ಲಕೋಟೆಯೇ ಬಂದಿಲ್ಲದಿರುವುದಕ್ಕೂ, ಬಂದ ಲಕೋಟೆಯೊಳಗೆ ಕಾಗದವಿಲ್ಲದಿರುವುದಕ್ಕೂ ಇರುವ ಅಂತರ ಇಲ್ಲಿಯದು. ವೆಬ್ ನಮೂನೆಯಲ್ಲಿ ಷರಾ ಪೆಟ್ಟಿಗೆಯನ್ನು ಮುಟ್ಟದೆ ಉಳಿಸು ಗುಂಡಿ ಒತ್ತಿದರೆ ಬ್ರೌಸರ್ ಸರ್ವರಿಗೆ ಕಳುಹಿಸುವುದು ಖಾಲಿ ಪಠ್ಯವನ್ನು, ನಲ್ ಅನ್ನು ಅಲ್ಲ. ತಂತ್ರಾಂಶ ಬರೆದವರು ಅದನ್ನು ಮಧ್ಯದಲ್ಲಿ ತಡೆದು ಬದಲಿಸದಿದ್ದರೆ ಕೋಷ್ಟಕಕ್ಕೂ ಅದೇ ಹೋಗಿ ಕೂರುತ್ತದೆ.

ವ್ಯವಸ್ಥೆಗಳ ನಡುವಿನ ಭಿನ್ನಮತ

ಈ ಮೂರನ್ನೂ ಎಲ್ಲ ವ್ಯವಸ್ಥೆಗಳು ಒಂದೇ ರೀತಿ ಕಾಣುವುದಿಲ್ಲ. ಪೋಸ್ಟ್‌ಗ್ರೆಸ್ ಮತ್ತು ಮೈಎಸ್‌ಕ್ಯುಎಲ್‌ಗಳು ಖಾಲಿ ಪಠ್ಯವನ್ನೂ ನಲ್ ಅನ್ನೂ ಬೇರೆ ಬೇರೆಯಾಗಿ ಇಟ್ಟುಕೊಳ್ಳುತ್ತವೆ. ಒರಾಕಲ್‌ನಲ್ಲಿ `VARCHAR2` ಕಾಲಂಗೆ ಖಾಲಿ ಪಠ್ಯವನ್ನು ಬರೆದರೆ ಅದು ನಲ್ ಆಗಿಯೇ ಉಳಿಯುತ್ತದೆ. ಮತ್ತೆ ಓದಿದಾಗ ಖಾಲಿ ಪಠ್ಯ ಹಿಂದಿರುಗುವುದಿಲ್ಲ. ಸಿಎಸ್‌ವಿ ಕಡತದಲ್ಲಿ ನಲ್ ಎಂಬ ಪರಿಕಲ್ಪನೆಯೇ ಇಲ್ಲ. ಎರಡು ಅಲ್ಪವಿರಾಮಗಳ ನಡುವೆ ಏನೂ ಇಲ್ಲದಿರುವುದು ಏನನ್ನು ಸೂಚಿಸುತ್ತದೆ ಎಂಬುದನ್ನು ಓದುವ ತಂತ್ರಾಂಶವೇ ನಿರ್ಧರಿಸುತ್ತದೆ. ಪೋಸ್ಟ್‌ಗ್ರೆಸ್‌ನ `COPY` ಆದೇಶವು ಸಿಎಸ್‌ವಿ ಓದುವಾಗ, ಬೇರೆ ಸೂಚನೆ ಇಲ್ಲದಿದ್ದರೆ, ಉದ್ಧರಣ ಚಿಹ್ನೆಯಿಲ್ಲದ ಬರಿದನ್ನು ನಲ್ ಎಂದೂ, `""` ಎಂದು ಬರೆದುದನ್ನು ಖಾಲಿ ಪಠ್ಯ ಎಂದೂ ಸ್ವೀಕರಿಸುತ್ತದೆ. ಪೈಥಾನ್‌ನ ಸಾಮಾನ್ಯ ಸಿಎಸ್‌ವಿ ಓದುಗ ಎರಡನ್ನೂ ಖಾಲಿ ಪಠ್ಯವೆಂದೇ ಕೊಡುತ್ತದೆ.

ಇವುಗಳಲ್ಲಿ ಯಾವುದನ್ನೂ ದೋಷವೆನ್ನಲಾಗದು. ಪ್ರತಿಯೊಂದೂ ತನ್ನ ನಿಯಮವನ್ನು ತಪ್ಪದೆ ಪಾಲಿಸುತ್ತದೆ. ಎರಡು ನಿಯಮಗಳು ಪ್ರತಿ ರಾತ್ರಿ ಮುಖಾಮುಖಿಯಾಗುವ ಜಾಗದಲ್ಲಿ ತೊಡಕು ಹುಟ್ಟುತ್ತದೆ.

ಒಂದು ನಿದರ್ಶನ

ತಾಲ್ಲೂಕಿನ ಮಾಹಿತಿ ಪೋಸ್ಟ್‌ಗ್ರೆಸ್‌ನಲ್ಲಿದೆ. ಜಿಲ್ಲೆಯ ಹಳೆಯ ವ್ಯವಸ್ಥೆ ಒರಾಕಲ್‌ನಲ್ಲಿದೆ. ಪೈಥಾನ್‌ನಲ್ಲಿ ಬರೆದ ಸಣ್ಣ ತಂತ್ರಾಂಶವೊಂದು ಪ್ರತಿ ರಾತ್ರಿ ಎರಡೂ ಕಡೆಯ 1,200 ಸಾಲುಗಳನ್ನು ಓದಿ, ಹೋಲಿಸಿ, ವ್ಯತ್ಯಾಸವಿರುವ ಸಾಲನ್ನು ಜಿಲ್ಲೆಯ ಕಡೆ ತಿದ್ದುತ್ತದೆ. ತಿದ್ದಿದ ಪ್ರತಿ ಸಾಲಿಗೂ ಕೊನೆಯ ತಿದ್ದುಪಡಿಯ ದಿನಾಂಕ ಬೀಳುತ್ತದೆ. ಲೆಕ್ಕ ಸ್ಪಷ್ಟವಾಗಲೆಂದು ಈ ಅಂಕಿಗಳನ್ನು ಕಲ್ಪಿಸಿಕೊಳ್ಳಲಾಗಿದೆ. ವ್ಯವಸ್ಥೆಗಳ ವರ್ತನೆ ಮಾತ್ರ ಇದ್ದದ್ದು ಇದ್ದಂತೆಯೇ.

ಮೂರು ರಾತ್ರಿಗಳ ಲಾಗ್‌ನಲ್ಲಿ ಕ್ರಮವಾಗಿ 290, 292 ಮತ್ತು 290 ತಿದ್ದುಪಡಿಗಳು ದಾಖಲಾಗಿವೆ. ಮೊದಲ ಮತ್ತು ಮೂರನೆಯ ದಿನ ತಾಲ್ಲೂಕಿನಲ್ಲಿ ಯಾರೂ ಏನನ್ನೂ ಬದಲಿಸಿಲ್ಲ. ಎರಡನೆಯ ದಿನ ಎರಡೇ ಬದಲಾವಣೆಗಳು ನಡೆದಿವೆ. ಒಂದು ಗ್ರಾಮದ ಹೆಸರಿನ ಕಾಗುಣಿತ ಸರಿಪಡಿಸಲಾಗಿದೆ. ಒಂದು ಕೊಳವೆ ಬಾವಿಯ ಫ್ಲೋರೈಡ್ 0.8ರಿಂದ 1.7ಕ್ಕೆ ಏರಿರುವ ಹೊಸ ಫಲಿತಾಂಶ ದಾಖಲಾಗಿದೆ.

ಇಲ್ಲಿ ಮೊದಲು ಗಮನಿಸಬೇಕಾದುದು 290 ಎಂಬ ಅಂಕಿ ಅಲುಗಾಡದಿರುವುದನ್ನು. ಜನರು ಮಾಡುವ ತಿದ್ದುಪಡಿಗಳು ದಿನದಿಂದ ದಿನಕ್ಕೆ ಏರಿಳಿಯುತ್ತವೆ. ಭಾನುವಾರ ಇಲ್ಲವೇ ಇಲ್ಲವೆನ್ನುವಷ್ಟು ಇಳಿಯುತ್ತವೆ. ಭಾನುವಾರವೂ ಸೋಮವಾರವೂ ಒಂದೇ ಅಂಕಿ ಬರುತ್ತಿದ್ದರೆ, ಅದು ಯಾವುದೋ ಬಗೆಯ ಸಾಲುಗಳ ಎಣಿಕೆಯೇ ಹೊರತು ಕೆಲಸದ ಎಣಿಕೆಯಲ್ಲ.

ಪರದೆಯಲ್ಲಿ ನೋಡಿದರೆ ಷರಾ ಬರಿದಾಗಿರುವ ಸಾಲುಗಳು 327 ಸಿಗುತ್ತವೆ. 290ಕ್ಕೂ 327ಕ್ಕೂ ತಾಳೆಯಾಗದ ಕಾರಣ ಷರಾ ಕಾಲಂನ ಮೇಲಿನ ಅನುಮಾನವನ್ನು ಇಲ್ಲಿಗೇ ಕೈಬಿಡುವುದು ಸಹಜ. ಆದರೆ ತಾಲ್ಲೂಕಿನ ಕೋಷ್ಟಕವನ್ನು ಹೀಗೆ ಕೇಳಿ ನೋಡಬೇಕು:

```sql
SELECT count(*) FILTER (WHERE shara IS NULL) AS null_count,
       count(*) FILTER (WHERE shara = '')    AS empty_count
FROM jala_mula;
```

ಉತ್ತರ 37 ಮತ್ತು 290. ಆ 37 ಸಾಲುಗಳು ಆರಂಭದಲ್ಲಿ ಸಿಎಸ್‌ವಿ ಕಡತದಿಂದ `COPY` ಮೂಲಕ ಬಂದವು. ಅಲ್ಲಿನ ಬರಿದು ನಲ್ ಆಯಿತು. 290 ಸಾಲುಗಳು ತರುವಾಯ ವೆಬ್ ನಮೂನೆಯ ಮೂಲಕ ಬಂದವು. ಅಲ್ಲಿನ ಬರಿದು ಖಾಲಿ ಪಠ್ಯವಾಯಿತು. ಪರದೆಗೆ ಎರಡೂ ಒಂದೇ. ಪೋಸ್ಟ್‌ಗ್ರೆಸ್‌ನ `psql` ಕೂಡ ಎರಡನ್ನೂ ಬರಿದಾಗಿಯೇ ತೋರಿಸುತ್ತದೆ. `\pset null '[NULL]'` ಎಂಬ ಆದೇಶ ಕೊಟ್ಟ ಬಳಿಕವಷ್ಟೇ ಅವು ಬೇರೆ ಬೇರೆಯಾಗಿ ಕಾಣುತ್ತವೆ. ಇಂತಹ ಪರಿಶೀಲನೆಗೆ ಕೂರುವ ಮುನ್ನ ಈ ಆದೇಶ ಕೊಡುವುದನ್ನು ರೂಢಿ ಮಾಡಿಕೊಳ್ಳುವುದು ಒಳ್ಳೆಯದು.

ಈಗ ರಾತ್ರಿಯ ಓಟವನ್ನು ಹೆಜ್ಜೆ ಹೆಜ್ಜೆಯಾಗಿ ನೋಡಬಹುದು. ತಂತ್ರಾಂಶವು ತಾಲ್ಲೂಕಿನಿಂದ ಖಾಲಿ ಪಠ್ಯವನ್ನು ಓದುತ್ತದೆ, ಜಿಲ್ಲೆಯಿಂದ ನಲ್ ಅನ್ನು ಓದುತ್ತದೆ. ಪೈಥಾನ್‌ನಲ್ಲಿ `'' != None` ಎಂಬುದು ನಿಜ. ಆದ್ದರಿಂದ ವ್ಯತ್ಯಾಸವಿದೆ ಎಂದು ತೀರ್ಮಾನಿಸಿ, ಜಿಲ್ಲೆಯ ಸಾಲಿನಲ್ಲಿ ಖಾಲಿ ಪಠ್ಯವನ್ನು ಬರೆಯುತ್ತದೆ. ಒರಾಕಲ್ ಅದನ್ನು ನಲ್ ಆಗಿ ಇಟ್ಟುಕೊಳ್ಳುತ್ತದೆ. ಯಾವ ದೋಷ ಸೂಚನೆಯೂ ಬರುವುದಿಲ್ಲ. ಒಂದು ಸಾಲು ತಿದ್ದಲಾಯಿತು ಎಂಬ ಉತ್ತರವಷ್ಟೇ ಬರುತ್ತದೆ. ಮರುದಿನ ರಾತ್ರಿ ಮತ್ತೆ ಅದೇ ಖಾಲಿ ಪಠ್ಯ, ಅದೇ ನಲ್, ಅದೇ ತಿದ್ದುಪಡಿ.

ನಿಜವಾದ ತಿದ್ದುಪಡಿಯ ಲಕ್ಷಣವೇ ಬೇರೆ. ಫ್ಲೋರೈಡ್ 0.8ರಿಂದ 1.7 ಆದಾಗ ಒಂದು ರಾತ್ರಿ ಬರೆದರೆ ಎರಡೂ ಕಡೆ 1.7 ಆಗುತ್ತದೆ, ಮರುದಿನ ಆ ಸಾಲು ಸುಮ್ಮನಿರುತ್ತದೆ. ಬರೆಯುವುದರಿಂದ ವ್ಯತ್ಯಾಸ ಅಳಿಯುತ್ತದೆ. ಇಲ್ಲಿಯ ಹುಸಿ ತಿದ್ದುಪಡಿಯಲ್ಲಿ ಎಷ್ಟು ಸಲ ಬರೆದರೂ ವ್ಯತ್ಯಾಸ ಅಳಿಯುವುದಿಲ್ಲ. ಪತ್ತೆಹಚ್ಚುವ ವಿಧಾನವೂ ಇದರಿಂದಲೇ ದೊರೆಯುತ್ತದೆ: ಮೂಲವನ್ನು ಯಾರೂ ಮುಟ್ಟದ ಹೊತ್ತಿನಲ್ಲಿ ಸಿಂಕ್ ಅನ್ನು ಬೆನ್ನುಬೆನ್ನಿಗೆ ಎರಡು ಸಲ ಓಡಿಸಬೇಕು. ಎರಡನೆಯ ಓಟ 0 ತಿದ್ದುಪಡಿ ಎಂದು ಹೇಳಬೇಕು. ಹಾಗೆ ಹೇಳದಿದ್ದರೆ ಉಳಿದ ಅಂಕಿಯಷ್ಟೂ ಹುಸಿಯೇ. ಲಾಗ್‌ನಲ್ಲಿ ಸಾಲುಗಳ ಒಟ್ಟು ಎಣಿಕೆಯ ಜೊತೆಗೆ ಯಾವ ಕಾಲಂನಲ್ಲಿ ಎಷ್ಟು ವ್ಯತ್ಯಾಸ ಎಂಬುದನ್ನೂ ಬರೆಸಿದರೆ, ಷರಾ 290 ಎಂಬ ಒಂದೇ ಸಾಲು ಎಲ್ಲವನ್ನೂ ಹೇಳಿಬಿಡುತ್ತದೆ.

ಪೈಥಾನ್‌ನ ಪಾಂಡಾಸ್ ಗ್ರಂಥಾಲಯ ಬಳಸುವಲ್ಲಿ ಇದೇ ರೋಗ ಇನ್ನೊಂದು ವೇಷದಲ್ಲಿ ಬರುತ್ತದೆ. ಅದು ಸಿಎಸ್‌ವಿಯ ಬರಿದನ್ನು `NaN` ಎಂದು ಓದುತ್ತದೆ. `NaN` ಎಂಬುದು ಇನ್ನೊಂದು `NaN`ಗೆ ಸಮವಲ್ಲ, ತನಗೆ ತಾನೇ ಸಮವಲ್ಲ. ಹಾಗಾಗಿ ಎರಡೂ ಕಡೆ ಬರಿದಾಗಿದ್ದರೂ ವ್ಯತ್ಯಾಸವೆಂದೇ ಲೆಕ್ಕಕ್ಕೆ ಬರುತ್ತದೆ. ಅಲ್ಲಿ ಹುಸಿ ತಿದ್ದುಪಡಿಗಳ ಸಂಖ್ಯೆ ಎರಡೂ ಕಡೆ ಬರಿದಿರುವ ಸಾಲುಗಳ ಸಂಖ್ಯೆಗೆ ಹತ್ತಿರವಾಗಿರುತ್ತದೆ.

290 ಸಾಲುಗಳಲ್ಲಿ ಒಂದು ಅಕ್ಷರವೂ ಬದಲಾಗಿಲ್ಲ, ನಷ್ಟವೇನು ಎಂದು ಕೇಳಬಹುದು. ಕಳೆದ 24 ಗಂಟೆಗಳಲ್ಲಿ ಬದಲಾದ ಮೂಲಗಳು ಎಂಬ ವರದಿಯನ್ನು ಜಿಲ್ಲಾ ಕಚೇರಿಯಲ್ಲಿ ಯಾರೋ ಒಬ್ಬರು ಪ್ರತಿ ಬೆಳಿಗ್ಗೆ ತೆರೆಯುತ್ತಾರೆ. ಒಂದು ವಾರ 290 ಸಾಲುಗಳನ್ನು ನೋಡಿ, ಏನೂ ಇಲ್ಲವೆಂದು ಕಂಡು, ಎರಡನೆಯ ವಾರ ಆ ವರದಿಯನ್ನು ತೆರೆಯುವುದನ್ನೇ ಬಿಡುತ್ತಾರೆ. ಫ್ಲೋರೈಡ್‌ಗೆ ಐಎಸ್ 10500ರಲ್ಲಿ ಲೀಟರಿಗೆ 1.0 ಮಿಲಿಗ್ರಾಂ ಸ್ವೀಕಾರಾರ್ಹ ಮಿತಿ. ಬದಲಿ ಮೂಲವಿಲ್ಲದಿದ್ದರೆ 1.5ರವರೆಗೆ ಅವಕಾಶ. 1.7ಕ್ಕೆ ಏರಿದ ಆ ಕೊಳವೆ ಬಾವಿ 292 ಸಾಲುಗಳ ನಡುವೆ ಎಲ್ಲೋ ಒಂದು ಸಾಲು. ಬದಲಾವಣೆಯಾದಾಗ ಮೊಬೈಲ್ ಸಂದೇಶ ಹೋಗುವ ಏರ್ಪಾಡು ಇದ್ದರಂತೂ ನೀರಗಂಟಿಗಳು ಆ ಸಂದೇಶಗಳನ್ನು ನೋಡದೆ ಅಳಿಸುವುದನ್ನು ಬಹುಬೇಗ ಕಲಿಯುತ್ತಾರೆ.

ಅವಸರದ ಪರಿಹಾರ ತರುವ ಅಪಾಯ

ಕಾರಣ ತಿಳಿದ ಕೂಡಲೇ ತಂತ್ರಾಂಶಕ್ಕೆ ಒಂದು ಸಾಲು ಸೇರಿಸುವುದು ರೂಢಿ. ಬರಿದಾದುದೆಲ್ಲವನ್ನೂ ನಲ್ ಮಾಡಿಬಿಡೋಣ ಎಂಬ ಯೋಚನೆಯಲ್ಲಿ ಪೈಥಾನ್ ಬಲ್ಲವರು ಬಹುಪಾಲು ಬರೆಯುವುದು ಇದನ್ನು:

```python
v = v or None
```

ಈ ಸಾಲು ಖಾಲಿ ಪಠ್ಯವನ್ನು ನಲ್ ಮಾಡುತ್ತದೆ. ಅದರ ಜೊತೆಗೆ 0 ಅನ್ನೂ ನಲ್ ಮಾಡುತ್ತದೆ, ಏಕೆಂದರೆ ಪೈಥಾನ್ ಇಂತಹ ಕಡೆ ಸೊನ್ನೆಯನ್ನೂ ಖಾಲಿ ಪಠ್ಯವನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ಮರುದಿನ ಲಾಗ್ 290ರಿಂದ 0ಗೆ ಇಳಿಯುತ್ತದೆ, ಎಲ್ಲರಿಗೂ ಸಮಾಧಾನವಾಗುತ್ತದೆ. ಮೂರು ದಿನಗಳ ನಂತರ, ಅದುವರೆಗೆ ಪರೀಕ್ಷೆಯಾಗದ ಟ್ಯಾಂಕೊಂದರ ಉಳಿಕೆ ಕ್ಲೋರಿನ್ 0 ಎಂದು ತಾಲ್ಲೂಕಿನಲ್ಲಿ ದಾಖಲಾಗುತ್ತದೆ. ಹೋಲಿಕೆಗೆ ಮುನ್ನ ಆ 0 ನಲ್ ಆಗುತ್ತದೆ. ಜಿಲ್ಲೆಯಲ್ಲಿ ಹೇಗೂ ನಲ್ ಇದೆ. ವ್ಯತ್ಯಾಸವಿಲ್ಲ, ತಿದ್ದುಪಡಿಯಿಲ್ಲ. ಕ್ಲೋರಿನ್ ಇಲ್ಲದ ನೀರು ಜಿಲ್ಲೆಯ ವರದಿಯಲ್ಲಿ ಇನ್ನೂ ಪರೀಕ್ಷೆಯಾಗದ ನೀರಾಗಿಯೇ ಉಳಿಯುತ್ತದೆ. ಹುಸಿ ತಿದ್ದುಪಡಿ ಹೋಗಿ, ನಿಜವಾದ ತಿದ್ದುಪಡಿ ಕಳೆದುಹೋಗುವ ಸ್ಥಿತಿ ಬಂದಿರುತ್ತದೆ. ಮೊದಲಿನದಕ್ಕೆ ಸದ್ದಾದರೂ ಇತ್ತು.

ಹೋಲಿಕೆಯನ್ನು ಎಸ್‌ಕ್ಯುಎಲ್‌ನಲ್ಲಿಯೇ ಮಾಡುವ ಕಡೆ ಇದೇ ತಪ್ಪು `COALESCE(chlorine, 0)` ಎಂಬ ರೂಪದಲ್ಲಿ ಬರುತ್ತದೆ. ಅದನ್ನು ಬರೆಯಲು ಪ್ರೇರಣೆಯೂ ಅರ್ಥವಾಗುವಂಥದೇ. `m.chlorine <> g.chlorine` ಎಂದು ನೇರವಾಗಿ ಹೋಲಿಸಿದರೆ, ಒಂದು ಕಡೆ ನಲ್ ಇದ್ದಾಗ ಎಸ್‌ಕ್ಯುಎಲ್ ಹೌದು ಎಂದೂ ಹೇಳುವುದಿಲ್ಲ, ಇಲ್ಲ ಎಂದೂ ಹೇಳುವುದಿಲ್ಲ. ತಿಳಿಯದು ಎನ್ನುತ್ತದೆ, ಆ ಸಾಲು ಪಟ್ಟಿಯಿಂದ ಹೊರಗುಳಿಯುತ್ತದೆ. ಅದನ್ನು ಒಳತರಲು `COALESCE` ಹಾಕುತ್ತಾರೆ. ಪೋಸ್ಟ್‌ಗ್ರೆಸ್‌ನಲ್ಲಿ ಇದಕ್ಕೆಂದೇ ಇರುವ ಹೋಲಿಕೆ ಬೇರೆ:

```sql
WHERE m.chlorine IS DISTINCT FROM g.chlorine
```

ಇದು ಎರಡು ನಲ್‌ಗಳನ್ನು ಸಮವೆಂದೂ, ನಲ್ ಮತ್ತು 0 ಅನ್ನು ಬೇರೆಯೆಂದೂ ಪರಿಗಣಿಸುತ್ತದೆ. ಬೇಕಾಗಿರುವುದೂ ಅಷ್ಟೇ. ಮೈಎಸ್‌ಕ್ಯುಎಲ್‌ನಲ್ಲಿ `NOT (m.chlorine <=> g.chlorine)` ಎಂದು ಬರೆದರೆ ಅದೇ ಫಲ ಸಿಗುತ್ತದೆ.

ಎಕ್ಸೆಲ್‌ನಲ್ಲಿ ಹುಟ್ಟುವ ಸೊನ್ನೆ

ನಲ್ ಆಗಿರಬೇಕಾದ ಕಡೆ 0 ಹುಟ್ಟಿಕೊಳ್ಳುವುದಕ್ಕೆ ಅತಿ ಪರಿಚಿತ ಜಾಗ ಎಕ್ಸೆಲ್ ಹಾಳೆ. ಒಂದು ಹಾಳೆಯ ಬರಿದಾದ ಕೋಶವನ್ನು ಇನ್ನೊಂದು ಹಾಳೆಯಿಂದ `=Sheet2!C5` ಎಂದು ಕರೆದರೆ ಎಕ್ಸೆಲ್ 0 ತೋರಿಸುತ್ತದೆ. `VLOOKUP` ಬರಿದಾದ ಕೋಶವನ್ನು ತಂದಾಗಲೂ ಹಾಗೆಯೇ. ಗ್ರಾಮ ಪಂಚಾಯತ್‌ಗಳ ಹಾಳೆಗಳನ್ನು ಒಂದು ಮುಖ್ಯ ಹಾಳೆಗೆ ಜೋಡಿಸಿ ಸಿಎಸ್‌ವಿ ಮಾಡಿ ಕಳುಹಿಸುವ ಕಡೆ, ಪರೀಕ್ಷೆಯಾಗದ ಪ್ರತಿಯೊಂದು ಮೂಲವೂ ಫ್ಲೋರೈಡ್ 0 ಎಂಬ ಉತ್ತಮ ಫಲಿತಾಂಶದೊಂದಿಗೆ ಹೊರಬರುತ್ತದೆ.

ಇದರ ಪರಿಣಾಮವನ್ನು ಐದು ಕೊಳವೆ ಬಾವಿಗಳ ಒಂದು ಗ್ರಾಮದಲ್ಲಿ ಲೆಕ್ಕ ಹಾಕಿ ನೋಡಬಹುದು. ಮೂರು ಬಾವಿಗಳ ಫ್ಲೋರೈಡ್ 1.6, 1.8 ಮತ್ತು 1.4, ಎರಡರ ಪರೀಕ್ಷೆ ಆಗಿಲ್ಲ. ಬರಿದು ನಲ್ ಆಗಿದ್ದರೆ ಎಸ್‌ಕ್ಯುಎಲ್‌ನ `AVG` ಅದನ್ನು ಬಿಟ್ಟು, 4.8 ಅನ್ನು 3ರಿಂದ ಭಾಗಿಸಿ 1.6 ಎನ್ನುತ್ತದೆ. ಅದೇ ಬರಿದು 0 ಆಗಿ ಬಂದಿದ್ದರೆ 4.8 ಅನ್ನು 5ರಿಂದ ಭಾಗಿಸಿ 0.96 ಎನ್ನುತ್ತದೆ. ಹೀಗೆ ಅನುಮತಿಯ ಮಿತಿಯನ್ನೂ ಮೀರಿದ ಗ್ರಾಮ ಸ್ವೀಕಾರಾರ್ಹ ಮಿತಿಯೊಳಗೆ ಬಂದುಬಿಡುತ್ತದೆ.

ಸಿಂಕ್‌ನ ದೃಷ್ಟಿಯಿಂದ ಇದು ಷರಾ ಕಾಲಂನ ಪ್ರಕರಣಕ್ಕಿಂತ ಮೋಸದ್ದು. ಮೊದಲ ರಾತ್ರಿ ನಲ್ ಇದ್ದಲ್ಲಿ 0 ಬರೆಯಲಾಗುತ್ತದೆ. ಅನಂತರ ಎರಡೂ ಕಡೆ 0 ಇರುವುದರಿಂದ ಲಾಗ್ ಮೌನವಾಗುತ್ತದೆ. ಎರಡು ಸಲ ಓಡಿಸುವ ಪರೀಕ್ಷೆ ಇದನ್ನು ಹಿಡಿಯುವುದಿಲ್ಲ. ಅದೇ ಕೋಷ್ಟಕಕ್ಕೆ ವೆಬ್ ನಮೂನೆಯ ದಾರಿಯಿಂದಲೂ ಮಾಹಿತಿ ಬರುತ್ತಿದ್ದರೆ ಮಾತ್ರ ಸುಳಿವು ಸಿಗುತ್ತದೆ: ಒಂದು ದಾರಿ 0 ಬರೆಯುತ್ತದೆ, ಇನ್ನೊಂದು ದಾರಿ ನಲ್ ಬರೆಯುತ್ತದೆ, ಅದೇ ಸಾಲುಗಳು ದಿನ ಬಿಟ್ಟು ದಿನ ಹಿಂದೆ ಮುಂದೆ ತೂಗುತ್ತವೆ. ಒಂದೇ ದಾರಿ ಇರುವ ಕಡೆ, ಸಿಂಕ್‌ಗೆ ಮುನ್ನ ಮತ್ತು ನಂತರ ಫ್ಲೋರೈಡ್ ಕಾಲಂನ ನಲ್‌ಗಳನ್ನೂ ಸೊನ್ನೆಗಳನ್ನೂ ಎಣಿಸುವುದೇ ಉಪಾಯ. ನಲ್‌ಗಳು ಒಂದೇ ರಾತ್ರಿ ಎಷ್ಟು ಇಳಿದವೋ ಸೊನ್ನೆಗಳು ಅಷ್ಟೇ ಏರಿದ್ದರೆ, ಆ ರಾತ್ರಿ ಯಾರೂ ಅಷ್ಟು ಬಾವಿಗಳ ನೀರನ್ನು ಪರೀಕ್ಷಿಸಿಲ್ಲ ಎಂಬುದು ಖಚಿತ. ಹಾಳೆಯಲ್ಲಿ ಸರಿಪಡಿಸುವ ಸೂತ್ರ ಇಷ್ಟೇ:

```
=IF(Sheet2!C5="","",Sheet2!C5)
```

ಪ್ರಯೋಗಾಲಯದ ವರದಿಯಲ್ಲಿ ಪತ್ತೆ ಮಿತಿಗಿಂತ ಕಡಿಮೆ ಎಂದು ಬಂದಾಗ 0 ಎಂದೋ ಅಡ್ಡಗೆರೆ ಎಂದೋ ದಾಖಲಿಸುವ ಅಭ್ಯಾಸವೂ ಹಲವೆಡೆ ಇದೆ. ಅದು ಅಳತೆಯಾದ ಸೊನ್ನೆಯೂ ಅಲ್ಲ, ಪರೀಕ್ಷೆಯಾಗದಿರುವುದೂ ಅಲ್ಲ. ಅದಕ್ಕೆ ಪ್ರತ್ಯೇಕ ಕಾಲಂ ಕೊಡುವುದೇ ನ್ಯಾಯ.

ಸರಿಪಡಿಸುವ ಕ್ರಮ

ಪರಿಹಾರವನ್ನು ಕಾಲಂ ಕಾಲಂ ಆಗಿ ತೀರ್ಮಾನಿಸಬೇಕು; ಇಡೀ ಕೋಷ್ಟಕಕ್ಕೆ ಒಂದೇ ನಿಯಮ ಹಾಕುವುದೇ ಮೇಲಿನ ಅಪಾಯಗಳ ಬೇರು. ಷರಾದಲ್ಲಿ ನಲ್ ಮತ್ತು ಖಾಲಿ ಪಠ್ಯಕ್ಕೆ ಆಡಳಿತದ ದೃಷ್ಟಿಯಿಂದ ಯಾವ ವ್ಯತ್ಯಾಸವೂ ಇಲ್ಲ. ಆದ್ದರಿಂದ ಹೋಲಿಕೆಗೆ ಮುನ್ನ ಎರಡೂ ಕಡೆಯ ಖಾಲಿ ಪಠ್ಯವನ್ನು ನಲ್ ಎಂದು ಪರಿಗಣಿಸಬಹುದು. ಬರಿಯ ಸ್ಪೇಸ್‌ಗಳಿರುವ ಷರಾವೂ ಇದರಲ್ಲಿ ಸೇರಬೇಕು:

```python
if isinstance(v, str) and v.strip() == '':
    v = None
```

ಪಠ್ಯವಲ್ಲದ ಯಾವುದನ್ನೂ ಈ ಸಾಲುಗಳು ಮುಟ್ಟುವುದಿಲ್ಲ. ಕ್ಲೋರಿನ್‌ನ 0 ಸಂಖ್ಯೆಯಾಗಿ ಬಂದರೆ 0 ಆಗಿಯೇ ಉಳಿಯುತ್ತದೆ. ಆದರೆ ನೀರಗಂಟಿಯ ಮೊಬೈಲ್ ಸಂಖ್ಯೆಯಂತಹ ಕಾಲಂನಲ್ಲಿ, ಕೇಳಲಾಗಿದೆ, ಅವರ ಬಳಿ ಮೊಬೈಲ್ ಇಲ್ಲ ಎಂಬುದನ್ನು ಖಾಲಿ ಪಠ್ಯದಿಂದಲೂ, ಇನ್ನೂ ಕೇಳಿಲ್ಲ ಎಂಬುದನ್ನು ನಲ್‌ನಿಂದಲೂ ಸೂಚಿಸುವ ಪದ್ಧತಿ ಎಲ್ಲಾದರೂ ಇದ್ದರೆ, ಆ ಅಂತರ ಒರಾಕಲ್‌ಗೆ ದಾಟಲಾರದು. ಅದನ್ನು ಉಳಿಸಿಕೊಳ್ಳಬೇಕಾದರೆ ಮೊಬೈಲ್ ಇದೆಯೇ ಎಂಬ ಬೇರೆ ಕಾಲಂ ತೆರೆಯದೆ ದಾರಿಯಿಲ್ಲ. ಯಾವ ಕಾಲಂನಲ್ಲಿ ಈ ಅಂತರ ಬೇಕು, ಯಾವುದರಲ್ಲಿ ಬೇಡ ಎಂಬುದನ್ನು ಆ ಮಾಹಿತಿಯನ್ನು ಬಳಸುವ ಶಾಖೆ ಹೇಳಬೇಕೇ ಹೊರತು ತಂತ್ರಾಂಶ ಬರೆಯುವವರು ಊಹಿಸಬಾರದು.

ಬದಲಾವಣೆಯ ನಂತರ ಎರಡು ಸಲ ಓಡಿಸಿ 0 ಕಂಡರಷ್ಟೇ ಸಾಲದು. `v or None` ಎಂಬ ತಪ್ಪು ಸಾಲಿನಿಂದಲೂ 0 ಬರುತ್ತದೆ. ಪರೀಕ್ಷೆಗೆಂದು ಇಟ್ಟ ಪ್ರತಿಯಲ್ಲಿ ಒಂದು ಸಾಲಿನ ಷರಾವನ್ನು ಅಳಿಸಬೇಕು, ಇನ್ನೊಂದು ಸಾಲಿನ ಉಳಿಕೆ ಕ್ಲೋರಿನ್ ಅನ್ನು ನಲ್‌ನಿಂದ 0ಗೆ ಬದಲಿಸಬೇಕು, ಮೂರನೆಯದನ್ನು 0ಯಿಂದ ನಲ್‌ಗೆ ಹಿಂದಿರುಗಿಸಬೇಕು. ಮೊದಲ ಓಟ ಸರಿಯಾಗಿ 3 ತಿದ್ದುಪಡಿಗಳನ್ನು ತೋರಿಸಬೇಕು, ಎರಡನೆಯ ಓಟ 0 ತೋರಿಸಬೇಕು. ಮೊದಲ ಓಟ 1 ಎಂದರೆ ಸೊನ್ನೆಗಳು ಮಧ್ಯದಲ್ಲಿ ಎಲ್ಲೋ ನುಂಗಿಹೋಗುತ್ತಿವೆ.

ನಿದರ್ಶನದ 290 ಸಾಲುಗಳ ಕೊನೆಯ ತಿದ್ದುಪಡಿಯ ದಿನಾಂಕಗಳು ಇದರಿಂದ ಹಿಂದಿರುಗುವುದಿಲ್ಲ. ಪ್ರತಿ ರಾತ್ರಿ ಅವುಗಳ ಮೇಲೆ ಹೊಸ ದಿನಾಂಕ ಬಿದ್ದು, ನಿಜವಾದ ದಿನಾಂಕ ಜಿಲ್ಲೆಯ ಕೋಷ್ಟಕದಿಂದ ಎಂದೋ ಅಳಿದಿರುತ್ತದೆ. ತಾಲ್ಲೂಕಿನ ಕೋಷ್ಟಕದಲ್ಲಿ ಅದು ಉಳಿದಿದ್ದರೆ ಅಲ್ಲಿಂದ ಒಮ್ಮೆ ತಂದು ಸೇರಿಸಬಹುದು. ಇಲ್ಲದಿದ್ದರೆ, ಸಿಂಕ್ ಸರಿಪಡಿಸಿದ ದಿನಕ್ಕಿಂತ ಹಿಂದಿನ ತಿದ್ದುಪಡಿ ದಿನಾಂಕಗಳನ್ನು ಲೆಕ್ಕ ಪರಿಶೋಧನೆಯ ಯಾವ ಉತ್ತರಕ್ಕೂ ಆಧಾರವಾಗಿ ಬಳಸತಕ್ಕದ್ದಲ್ಲ ಎಂಬ ಷರಾವನ್ನು ಆ ವ್ಯವಸ್ಥೆಯ ವಹಿಯಲ್ಲಿ ಬರೆದಿಡತಕ್ಕದ್ದು.